ಶನಿಪೂಜೆಯ ಊಟಕ್ಕೆ ಬಿಲ್ಲಿರಲಿಲ್ಲ

ಡೊಂಬಿವಲಿಯಲ್ಲಿರುವ ನಮ್ಮ ಊರಿನವರ ಸಂಘದ ಶನಿಪೂಜೆಯ ಊಟಕ್ಕೆ ನಾನೀಗ ಹೋಗುವುದಿಲ್ಲ. ಕರೆಯಲು ಬಂದವರಿಗೆ ಹುಷಾರಿಲ್ಲ ಎನ್ನುತ್ತೇನೆ. ಹುಷಾರಾಗಿಯೇ ಇರುತ್ತೇನೆ, ಮನೆಯಲ್ಲಿ ಗಂಜಿ ಉಪ್ಪಿನಕಾಯಿ ಉಂಡು ಮಲಗುತ್ತೇನೆ. ಯಾಕೆ ಎಂದು ಕೇಳುವ ಧೈರ್ಯ ಅವರಲ್ಲಿ ಒಬ್ಬರಿಗೂ ಇಲ್ಲ.

ನನ್ನ ಮಾವ, ಅಂದರೆ ಅಮ್ಮನ ತಮ್ಮ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಗಾಳಾ ಕೊಂಡು ಕೇಟರಿಂಗ್ ನಡೆಸುತ್ತಿದ್ದರು. ಗಾಳಾ ಎಂದರೆ ಕಾರ್ಖಾನೆಗೆಂದು ಕಟ್ಟಿದ ಶಟರಿನ ದೊಡ್ಡ ಕೋಣೆ. ಎಡಕ್ಕೆ ಬಣ್ಣದ ಕಾರ್ಖಾನೆ, ಬಲಕ್ಕೆ ಪ್ಲಾಸ್ಟಿಕ್ ಡಬ್ಬಿಯದು, ನಡುವೆ ಮಾವನ ಸಾಂಬಾರಿನ ಘಮ. ಹದಿನಾರರ ವಯಸ್ಸಿಗೆ ಊರಿನಿಂದ ಬಂದು, ಹೋಟೆಲಿನಲ್ಲಿ ಲೋಟ ತೊಳೆದು ಶುರುಮಾಡಿದವರು. ಆ ಗಾಳಾದ ಶಟರು ಎತ್ತುವಾಗ ದಿನಾ ಒಮ್ಮೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಾನು ಠಾಣೆಯಲ್ಲಿ ಒಬ್ಬ ಸಿಎ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಮಾವನ ತೆರಿಗೆಯ ರಿಟರ್ನುಗಳನ್ನು ತುಂಬುತ್ತಿದ್ದುದು ನಮ್ಮ ಆಫೀಸೇ.

ಜಿಎಸ್‌ಟಿ ಬರುವುದಕ್ಕೆ ಒಂದೆರಡು ವರ್ಷ ಮೊದಲು ಸೇವಾ ತೆರಿಗೆ ಇಲಾಖೆಯಿಂದ ಮಾವನಿಗೆ ಆಡಿಟ್ ಕಾಗದ ಬಂತು. ಅವರು ಮಾಡುವುದು ಇಷ್ಟೇ. ವರ್ಷಕ್ಕೆರಡು ಸಲ ನಾವು ಸಲ್ಲಿಸಿದ ರಿಟರ್ನಿನಲ್ಲಿ ಕೇಟರಿಂಗ್ ಆದಾಯ ಎಷ್ಟೆಂದು ತೋರಿಸಿದ್ದೇವೆ, ನಮ್ಮದೇ ಲೆಕ್ಕಪತ್ರದ ಲಾಭ–ನಷ್ಟದ ಪಟ್ಟಿಯಲ್ಲಿ ಎಷ್ಟಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಎರಡೂ ಒಂದೇ ಇರಬೇಕೆಂದಿಲ್ಲ. ಆದರೆ ವ್ಯತ್ಯಾಸ ಯಾಕೆಂದು ಪೈಸೆ ಪೈಸೆಗೂ ಹೇಳಬೇಕು, ಹೇಳಿದ್ದಕ್ಕೆ ಕಾಗದ ತೋರಿಸಬೇಕು. ಮಾವನ ಪುಸ್ತಕದಲ್ಲಿ ಪ್ರತಿ ವರ್ಷವೂ ರಿಟರ್ನಿಗಿಂತ ಹೆಚ್ಚು ಆದಾಯವಿತ್ತು.

ನಾನು ಗಾಬರಿಯಾಗಲಿಲ್ಲ. ಇಂಥದ್ದು ಎಷ್ಟು ಬಿಡಿಸಿಲ್ಲ! ಗಾಳಾದಲ್ಲೇ ಕೂತು ಕೆಲಸ ಶುರುಮಾಡಿದೆ. ಮೊದಲು ಮುಂಗಡದ ಲೆಕ್ಕ. ಮೇ ತಿಂಗಳ ಮದುವೆಗೆ ಮಾರ್ಚಿನಲ್ಲೇ ದುಡ್ಡು ಬಂದರೆ ಸೇವಾ ತೆರಿಗೆಯನ್ನು ಮಾರ್ಚಿನಲ್ಲೇ ಕಟ್ಟಬೇಕು. ಪುಸ್ತಕದಲ್ಲಿ ಆದಾಯವಾಗುವುದು ಊಟ ಬಡಿಸಿದ ಮೇಲೆ, ಮುಂದಿನ ವರ್ಷದಲ್ಲಿ. ಅದನ್ನು ಬಿಲ್ಲು ಬಿಲ್ಲಾಗಿ ಹೊಂದಿಸಿದೆ. ಗಾಳಾದ ಬಾಗಿಲಲ್ಲಿ ಮಾರುವ ಚಕ್ಕುಲಿ, ಕೋಡುಬಳೆ ಬರೀ ಮಾರಾಟ, ಸೇವೆಯಲ್ಲ. ಅದನ್ನೂ ಬೇರೆ ಮಾಡಿದೆ. ನಿಂತುಹೋದ ಮದುವೆಯೊಂದರ ಮುಂಗಡ ವಾಪಸು ಕೊಟ್ಟದ್ದಕ್ಕೆ ಚೆಕ್ಕಿನ ನಕಲು ಸಿಕ್ಕಿತು. ಇಷ್ಟೆಲ್ಲ ಕಳೆದರೂ ಪ್ರತಿ ವರ್ಷವೂ ಒಂದು ದೊಡ್ಡ ಮೊತ್ತ ಹಾಗೇ ಕೂತಿತ್ತು, ಅದೂ ಜನವರಿ ತಿಂಗಳಿನಲ್ಲೇ.

"ಮಾವ, ಜನವರಿಯಲ್ಲಿ ಬಿಲ್ ಇಲ್ಲದೆ ಇಷ್ಟು ಚೆಕ್ ಬಂದಿದೆಯಲ್ಲ, ಎಂತದು ಇದು?"

ಮಾವ ಕಡಲೆಬೇಳೆ ನೋಡುತ್ತಿದ್ದವರು ತಲೆಯೆತ್ತಿ ನಕ್ಕರು. "ಅಯ್ಯೋ, ಅದು ನಮ್ಮ ಶನಿಪೂಜೆದು ಅಲ್ವಾ ಮಾರಾಯ್ತಿ. ನಿನ್ನ ಅಪ್ಪನ ಚೆಕ್ ಸಹ ಉಂಟು ಅದರಲ್ಲಿ."

ನಮ್ಮ ಸಂಘ ನೋಂದಣಿಯಾದದ್ದಲ್ಲ. ನೋಂದಣಿಯಿಲ್ಲ ಎಂದು ಬ್ಯಾಂಕಿನವರು ಖಾತೆ ತೆರೆಯಲಿಲ್ಲ. ಹೇಗೂ ಅಡುಗೆ ಮಾವನದ್ದೇ ಎಂದು, ವರ್ಷಾವಧಿ ಪೂಜೆಯ ವಂತಿಗೆಯನ್ನೆಲ್ಲ ಜನ ಮಾವನ ಕೇಟರಿಂಗ್ ಹೆಸರಿಗೇ ಚೆಕ್ ಬರೆದು ಕೊಡುತ್ತಿದ್ದರು. ಆ ದುಡ್ಡಿನಿಂದಲೇ ಮಾವ ಹಾಲ್, ಮಂಟಪ, ಭಟ್ಟರ ದಕ್ಷಿಣೆ, ಹೂವು, ದಿನಸಿ ಎಲ್ಲ ನೋಡಿಕೊಳ್ಳುತ್ತಿದ್ದರು. ತಮ್ಮ ದುಡಿಮೆಗೆಂದು ಒಂದು ರೂಪಾಯಿ ಇಟ್ಟುಕೊಳ್ಳುತ್ತಿರಲಿಲ್ಲ. ಸಂಜೆ ಹೊತ್ತು ಗಾಳಾಕ್ಕೆ ಬಂದು ಲೆಕ್ಕ ಬರೆಯುತ್ತಿದ್ದ ಗುಮಾಸ್ತರು, ಬಂದದ್ದನ್ನು ಕೇಟರಿಂಗ್ ಆದಾಯ ಎಂದೂ ಹೋದದ್ದನ್ನು ಕೇಟರಿಂಗ್ ಖರ್ಚು ಎಂದೂ ಹಾಕಿದ್ದರು. ಬಂದಷ್ಟೂ ಹೋಗಿದ್ದರಿಂದ ಲಾಭದಲ್ಲಿ ಏರುಪೇರಿಲ್ಲ, ಆದಾಯ ತೆರಿಗೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಸೇವಾ ತೆರಿಗೆಗೆ ಲಾಭ ಬೇಡ. ಅದು ಕೇಳುವುದು ಬಂದ ದುಡ್ಡನ್ನು ಮಾತ್ರ. ರಿಟರ್ನನ್ನು ನಾವು ಬಿಲ್ಲುಗಳಿಂದ ತುಂಬುತ್ತಿದ್ದೆವು, ಶನಿಪೂಜೆಗೆ ಬಿಲ್ಲೆಲ್ಲಿಂದ ಬರಬೇಕು?

ಆಡಿಟಿಗೆ ಬಂದವರು ಒಬ್ಬ ಅಧಿಕಾರಿ, ಒಬ್ಬ ಇನ್ಸ್‌ಪೆಕ್ಟರು. ಕೆಟ್ಟವರಲ್ಲ. ಮಾವ ಎಷ್ಟು ಒತ್ತಾಯ ಮಾಡಿದರೂ ಬರೀ ಚಹಾ ಕುಡಿದರು. ಮುಂಗಡದ ಪಟ್ಟಿ ಒಪ್ಪಿದರು, ಚಕ್ಕುಲಿಯನ್ನು ಒಪ್ಪಿದರು. ಜನವರಿಯ ಮೊತ್ತಕ್ಕೆ ಬಂದಾಗ ನಾನು ಪೂಜೆ, ವಂತಿಗೆ ಎಂದೆಲ್ಲ ಮರಾಠಿಯಲ್ಲಿ ವಿವರಿಸಿದೆ. ಅಧಿಕಾರಿ ಶಾಂತವಾಗಿ ಕೇಳಿ, ಲೆಕ್ಕದ ಪುಟವನ್ನು ನನ್ನ ಕಡೆ ತಿರುಗಿಸಿದರು.

"ಅಹೋ ಮ್ಯಾಡಮ್, ಕೇಟರಿಂಗ್ ಆದಾಯ ಅಂತ ನಾನು ಬರೆದಿಲ್ಲ. ನಿಮ್ಮ ಪುಸ್ತಕವೇ ಹೇಳ್ತಿದೆ, ಅದಕ್ಕೆ ಸಿಎ ಸಹಿ ಇದೆ. ಸಂಘ ಎಲ್ಲಿದೆ? ಅದರ ಪ್ಯಾನ್ ಎಲ್ಲಿದೆ? ದುಡ್ಡು ನಮ್ಮದು ಅಂತ ಅವರ ಒಂದು ಕಾಗದವಾದರೂ ಇದೆಯಾ?"

"ಪ್ರತಿ ವರ್ಷ ಅದೇ ತಿಂಗಳು, ಅದೇ ಜನ ಸಾರ್! ಕಳ್ಳಲೆಕ್ಕವಾದರೆ ಹೀಗೆ ಚೆಕ್ಕಿನಲ್ಲಿ ತಗೊಂಡು ಪುಸ್ತಕಕ್ಕೆ ಹಾಕ್ತಾರಾ?"

"ಪ್ರತಿ ವರ್ಷ ಅಂದರೆ ಆಕಸ್ಮಿಕವಲ್ಲ, ಗೊತ್ತಿದ್ದೇ ಮಾಡಿದ್ದು ಅಂತ ಮೇಲಿನವರು ಹೇಳ್ತಾರೆ," ಎಂದರು ಅವರು. ನಾವು ನಿರಪರಾಧಿಗಳು ಎಂಬುದಕ್ಕೆ ನನ್ನ ಹತ್ತಿರ ಇದ್ದ ಒಂದೇ ಸಾಕ್ಷಿ ಅದು. ಅದನ್ನೂ ನಮ್ಮ ವಿರುದ್ಧ ಬಳಸಲು ನನ್ನ ಕೈಯಿಂದಲೇ ಕೊಟ್ಟಂತಾಯಿತು.

ವಿವರಣೆಯಿಲ್ಲದ ವ್ಯತ್ಯಾಸವೆಂದರೆ ಅವರ ಭಾಷೆಯಲ್ಲಿ ಮುಚ್ಚಿಟ್ಟ ಸೇವೆ. ಮುಚ್ಚಿಟ್ಟದ್ದು ಎಂದಾದರೆ ಐದು ವರ್ಷ ಹಿಂದಕ್ಕೆ ಹೋಗಬಹುದು. ತೆರಿಗೆ, ಅದರ ಮೇಲೆ ಬಡ್ಡಿ, ಮೇಲಿಂದ ತೆರಿಗೆಯಷ್ಟೇ ದಂಡ. ನಾನು ಆಫೀಸಿಗೆ ಹೋಗಿ ನಮ್ಮ ಸಿಎ ಮುಂದೆ ಗೋಳಾಡಿದೆ. ಅವರು ಧಾರವಾಡದ ಕಡೆಯವರು.

"ವ್ಯತ್ಯಾಸ ಐತಿ ಅಂದ್ರ ಅದು ಸೇವಾನೇ ಅನ್ನಾಕ ಬರೂದಿಲ್ಲ, ಟ್ರಿಬ್ಯೂನಲ್‌ದಾಗ ನಮ್ಮ ವಾದ ನಿಲ್ತದ ನೋಡವಾ. ಆದ್ರ ಎಷ್ಟ್ ವರ್ಷ ಹಿಡೀತದ ಅಂತ ಯಾರಿಗ್ ಗೊತ್ತು? ಸಂಘದವರ ಕಡಿಂದ ಒಂದು ಪತ್ರ ತಗೊಂಡು ಬಾ. ಈ ದುಡ್ಡು ನಮ್ಮದು, ಇವರ ಹತ್ರ ಇಡಾಕ ಕೊಟ್ಟಿದ್ವಿ, ಇವರು ಏನೂ ಚಾರ್ಜ್ ಮಾಡಿಲ್ಲ ಅಂತ. ಚೆಕ್ ಕೊಟ್ಟವರ ಪಟ್ಟಿ, ಅವರ ಸಹಿ. ಅಷ್ಟಾದ್ರ ನಾ ವಾದ ಮಾಡ್ತೀನಿ."

ಅಷ್ಟೇ ತಾನೇ! ನನಗೆ ಹೋದ ಜೀವ ಬಂದಂತಾಯಿತು. ನಮ್ಮವರೇ, ಸಹಿ ಹಾಕುವುದಕ್ಕೆ ಏನು ಕಷ್ಟ?

ಭಾನುವಾರ ಸಂಘದ ಭಜನೆಯಾದ ಮೇಲೆ, ಅದು ನಡೆಯುವ ಶಾಲೆಯ ಕೋಣೆಯಲ್ಲೇ ಸಮಿತಿ ಕೂತಿತು. ಮಾವ ಎಲ್ಲರಿಗೂ ಗೋಳಿಬಜೆ, ಚಟ್ನಿ ತಂದಿದ್ದರು. ನಾನು ಪತ್ರದ ಕರಡು ಓದಿದೆ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

"ಅಲ್ಲ ಮಗಾ, ಈ ಪತ್ರ ಕೊಟ್ಟರೆ ಆ ಇಲಾಖೆಯವರು ನಾಳೆ ನಮ್ಮಲ್ಲಿಗೆ ಬರುವುದಿಲ್ಲವಾ? ಸಂಘಕ್ಕೆ ರಿಜಿಸ್ಟ್ರೇಶನ್ ಇಲ್ಲ, ಎಂತದೂ ಇಲ್ಲ. ಲೆಕ್ಕ ಕೊಡಿ ಅಂದ್ರೆ ನಾವು ಎಂತ ಕೊಡೂದು?"

"ನನ್ನ ಮಗಳ ಮದುವೆ ಉಂಟು," ಎಂದರು ಖಜಾಂಚಿ. "ಈಗ ನನ್ನ ಹೆಸರು, ಪ್ಯಾನ್ ನಂಬರು ಅಲ್ಲೆಲ್ಲ ಕೊಟ್ಟರೆ ಕಷ್ಟ ಮಾರ್ರೆ."

ನನ್ನ ಪಿತ್ತ ನೆತ್ತಿಗೇರಿತು. "ಇಷ್ಟು ವರ್ಷ ಪಾಯಸ ಎರಡೆರಡು ಸಲ ಹಾಕಿಸಿಕೊಂಡು ಉಂಡಿರಲ್ಲ, ಆಗ ಹೆಸರು ಕೊಡುವುದು ಕಷ್ಟವಾಗಲಿಲ್ಲವಾ?" ಎಂದು ಕೂಗಿಯೇಬಿಟ್ಟೆ. ಹೆಂಗಸು ಹೀಗೆಲ್ಲ ಮಾತಾಡಬಾರದು ಎಂದು ಹಿಂದಿನಿಂದ ಯಾರೋ ಗೊಣಗಿದರು. ಮಾವ ನನ್ನ ಕೈ ಹಿಡಿದು ಕೂರಿಸಿದರು. ಅವರಿಗೆ ಕೋಪ ಬರಲಿಲ್ಲ, ಅದೇ ನನಗೆ ಸಹಿಸಲಾಗಲಿಲ್ಲ.

"ಆಯ್ತು, ಕಷ್ಟ ಉಂಟಾದರೆ ಬೇಡ," ಎಂದರು ಮಾವ. "ಬಜೆ ತಣ್ಣಗಾಗ್ತದೆ, ತಿನ್ನಿ."

ಎಲ್ಲರೂ ತಿಂದರು. ಯಾವ ತಟ್ಟೆಯಲ್ಲೂ ಒಂದು ಬಜೆ ಉಳಿಯಲಿಲ್ಲ.

ಅಪ್ಪ ಒಬ್ಬರ ಸಹಿಯಿಂದ ಸಂಘದ ಪತ್ರವಾಗುತ್ತಿರಲಿಲ್ಲ. ಇಲಾಖೆಯ ನೋಟೀಸು ಬಂತು. ಬಂದ ಮೂವತ್ತು ದಿನದೊಳಗೆ ತೆರಿಗೆ, ಬಡ್ಡಿ, ದಂಡದ ಒಂದು ಸಣ್ಣ ಪಾಲು ಕಟ್ಟಿದರೆ ಉಳಿದ ದಂಡ ಮಾಫಿ, ಕೇಸೂ ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ವರ್ಷಾನುಗಟ್ಟಲೆ ವಾದ ಮಾಡುತ್ತ ಕೂರಬೇಕು. ಹಾಗೆ ಕೂರಲು ಮಾವನಲ್ಲಿ ಕಾಗದವೂ ಇರಲಿಲ್ಲ, ವಯಸ್ಸೂ ಇರಲಿಲ್ಲ. ದುಡ್ಡು ಹೊಂದಿಸಲು ಗಾಳಾ ಮಾರುವುದೆಂದಾಯಿತು. ಪಕ್ಕದ ಪ್ಲಾಸ್ಟಿಕ್ ಡಬ್ಬಿಯವರೇ ತೆಗೆದುಕೊಂಡರು. ಕೊಪ್ಪರಿಗೆಗಳನ್ನು ಟೆಂಪೋಗೆ ಏರಿಸುವಾಗ ಮಾವ ಅಡುಗೆಯವರಿಗೆಲ್ಲ ಬೇರೆ ಕಡೆ ಕೆಲಸ ಹುಡುಕಿಕೊಡಲು ಫೋನಿನಲ್ಲೇ ಇದ್ದರು. ದುಡ್ಡು ಕಟ್ಟಿದ ಚಲನ್ ನಾನು ತಂದುಕೊಟ್ಟಾಗ ಒಂದೇ ಮಾತು ಕೇಳಿದರು.

"ಅದರಲ್ಲಿ ಮುಚ್ಚಿಟ್ಟದ್ದು ಅಂತ ಬರೆದಿದ್ದಾರಾ?"

"ಚಲನ್‌ನಲ್ಲಿ ಹಾಗೆಲ್ಲ ಬರೆಯುವುದಿಲ್ಲ ಮಾವ." ಅದು ನಿಜ. ನೋಟೀಸಿನಲ್ಲಿ ಪುಟಪುಟಕ್ಕೂ ಬರೆದಿತ್ತು. ಅದನ್ನು ನಾನು ಅವರಿಗೆ ಓದಿ ಹೇಳಿರಲಿಲ್ಲ.

ಆಮೇಲೆ ಮಾವ ಡೊಂಬಿವಲಿ ಪಕ್ಕದ ಕಲ್ಯಾಣದಲ್ಲಿ ಒಬ್ಬರ ಹೋಟೆಲಿನ ಗಲ್ಲಾದಲ್ಲಿ ಕೂರತೊಡಗಿದರು. ಬೇರೆಯವರ ಗಲ್ಲಾ. ಅಮ್ಮ ಅವರನ್ನು ನೋಡಿ ಬಂದ ದಿನವೆಲ್ಲ ಅಳುತ್ತಿದ್ದಳು. ನಾನು ಅಳಲಿಲ್ಲ, ಸಿಕ್ಕಸಿಕ್ಕವರ ಮೇಲೆ ರೇಗಾಡಿದೆ. ಏನು ಉಪಯೋಗ? ಹೋದದ್ದು ಹೋಯಿತು.

ಜಿಎಸ್‌ಟಿ ಬಂದ ಮೇಲಿನ ಮೊದಲ ಶನಿಪೂಜೆಯ ಅಡುಗೆಯನ್ನು ಸಂಘದವರು ನವಿ ಮುಂಬೈಯ ಯಾರೋ ಕೇಟರಿಂಗಿನವರಿಗೆ ಕೊಟ್ಟರು. ಪೂಜೆಯ ಮರುದಿನ ಬೆಳಿಗ್ಗೆ ಖಜಾಂಚಿಯವರಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಅಚ್ಚುಕಟ್ಟಾದ ಬಿಲ್ಲು. ಕೇಟರಿಂಗಿನವರ ಜಿಎಸ್‌ಟಿ ನಂಬರು, ಬಿಲ್ಲಿನ ನಂಬರು, ಊಟದ ಲೆಕ್ಕ, ಅದರ ಕೆಳಗೆ ಕೇಂದ್ರದ್ದು ನೂರಕ್ಕೆ ಒಂಬತ್ತು, ರಾಜ್ಯದ್ದು ನೂರಕ್ಕೆ ಒಂಬತ್ತು. ಗ್ರಾಹಕರು ಎಂಬಲ್ಲಿ ನಮ್ಮ ಸಂಘದ ಹೆಸರು, ಪಕ್ಕದಲ್ಲಿ ಸಂಘದ ಪರವಾಗಿ ಖಜಾಂಚಿಯವರ ಸಹಿ.

ಕೆಳಗೆ ಬರೆದಿದ್ದರು: "ಟ್ಯಾಕ್ಸ್ ಸರಿಯಾಗಿ ಹಾಕಿದ್ದಾರಾ ಸ್ವಲ್ಪ ನೋಡಿ ಹೇಳು ಮಗಾ. ಸಂಘದ ದುಡ್ಡು ಅಲ್ವಾ."

ಡೊಂಬಿವಲಿ ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತ ನಿಂತಿದ್ದೆ. ಮಾವನಿಗೆ ಬೇಕಾಗಿದ್ದುದು ಆ ಒಂದು ಸಹಿ. ಬಾಯಿಗೆ ಬಂದದ್ದನ್ನೆಲ್ಲ ಟೈಪ್ ಮಾಡಿ, ಅಳಿಸಿ, ಮತ್ತೆ ಮಾಡಿ, ಅಳಿಸಿದೆ. ಕೊನೆಗೆ ಬಿಲ್ಲನ್ನು ದೊಡ್ಡದು ಮಾಡಿ ಗುಣಿಸಿ, ಕೂಡಿಸಿ ನೋಡಿದೆ. ಒಂದು ರೂಪಾಯಿಯ ವ್ಯತ್ಯಾಸವೂ ಇರಲಿಲ್ಲ.

ಸರಿಯಿದೆ ಎಂದು ಬರೆದು ಕಳಿಸಿದೆ.