ಜಾಲರಿ ಸೇರಿಸಿಯೋ, ಬಿಟ್ಟೋ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಟೈಲರಕ್ಕ ಮೂರನೆಯ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನ ಮುಂದೆ ನಿಂತು, ಪೆನ್ನಿನ ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡು, ತನ್ನ ಅಳತೆ ಪುಸ್ತಕದ ಕೊನೆಯ ಪುಟದಲ್ಲಿ ಗೆರೆ ಎಳೆಯುತ್ತಿದ್ದಳು. ಮುಂದಿನ ಪುಟಗಳಲ್ಲಿ ಗಿರಾಕಿಗಳ ಎದೆ, ಸೊಂಟ, ತೋಳುಗಳ ಅಳತೆಗಳಿದ್ದವು. ಈ ಪುಟದಲ್ಲಿ ಮಾತ್ರ ಮೂರು ಆಸ್ಪತ್ರೆಗಳ ದರಗಳು.

ಆಪರೇಷನ್ ಆಗಬೇಕಿದ್ದುದು ಅವಳ ಗಂಡನಿಗೆ. ಅವನು ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತುಹಾಕುವವನು. ಬೀದಿಯವರೆಲ್ಲ ಅವನನ್ನು ಸಿಲಿಂಡರಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಭಾರ ಎತ್ತಿದ ಮೇಲೆ ಬಲ ತೊಡೆಸಂದಿಯಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಕಾಣಿಸಿಕೊಂಡಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು, ಎದ್ದರೆ ಹೊರಗೆ ಬರುತ್ತಿತ್ತು.

"ಹರ್ನಿಯಾ. ಹೊಟ್ಟೆಯ ಗೋಡೆಯಲ್ಲಿ ಒಂದು ಕಡೆ ಸಡಿಲ ಆಗಿದೆ, ಅಲ್ಲಿಂದ ಕರುಳು ಹೊರಗೆ ಇಣುಕ್ತಾ ಇದೆ," ಎಂದಿದ್ದರು ಪರೀಕ್ಷಿಸಿ ನೋಡಿದ ಸರ್ಜನ್. "ಸಡಿಲಾದ ಜಾಗಕ್ಕೆ ಒಂದು ಜಾಲರಿ ಇಟ್ಟು ಹೊಲೀಬೇಕು."

"ತೇಪೆ ಅನ್ನಿ," ಎಂದಿದ್ದಳು ಟೈಲರಕ್ಕ.

"ತೇಪೇನೇ. ಆದ್ರೆ ಬೇಗ ಹಾಕಿಸಿ. ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ ನೋವು ಬಂದ್ರೆ, ವಾಂತಿ ಆದ್ರೆ, ಒಂದು ನಿಮಿಷಾನೂ ಕಾಯಬೇಡಿ."

ಹೊರಗೆ ಬಂದ ಮೇಲೆ ಸಿಲಿಂಡರಣ್ಣ ನಕ್ಕಿದ್ದ. "ಇಪ್ಪತ್ತು ವರ್ಷದಿಂದ ಊರಿನವರ ಬಟ್ಟೆಗೆಲ್ಲ ತೇಪೆ ಹಾಕಿದೀಯ. ನನಗೂ ನೀನೇ ಹಾಕಿಬಿಡೇ, ದುಡ್ಡು ಉಳೀತದೆ."

"ಹಾಕ್ತಿದ್ದೆ ರೀ, ನೀವು ಸುಮ್ನೆ ಮಲಗೋ ಜಾತಿ ಆಗಿದ್ರೆ."

ಆಪರೇಷನ್ನಿಗೆಂದು ಅವರ ಬಳಿ ಎಪ್ಪತ್ತು ಸಾವಿರ ಸಿದ್ಧವಿತ್ತು. ಅದನ್ನು ಎಲ್ಲಿ ಕಟ್ಟುವುದು ಎಂಬುದೊಂದೇ ಪ್ರಶ್ನೆ. ಅದನ್ನು ತೀರ್ಮಾನಿಸುವ ಕೆಲಸ ಟೈಲರಕ್ಕನದು. ಹೊಲಿಗೆಗೆ ಎಷ್ಟು ಎಂದು ಯಾರಾದರೂ ಕೇಳಿದರೆ ಅವಳು ಒಂದು ದರ ಹೇಳುತ್ತಿದ್ದಳು. ಗಿರಾಕಿ ತಲೆಯಾಡಿಸಿದ ಮೇಲೆ ಸೇರಿಸುತ್ತಿದ್ದಳು: "ಲೈನಿಂಗ್ ಬೇರೆ, ಹುಕ್ಕು ಬೇರೆ." ಆದ್ದರಿಂದ ಮೊದಲು ಹೇಳುವ ದರದ ಬೆನ್ನಿಗೆ ಏನಿರುತ್ತದೆ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲನೆಯ ಆಸ್ಪತ್ರೆಯವರು ಮೂವತ್ತೆಂಟು ಸಾವಿರ ಎಂದಿದ್ದರು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೇ ಇತ್ತು. ಅವಳು ಕೇಳಿದಳು: "ಜಾಲರಿ ಸೇರಿಸಿಯೋ, ಬಿಟ್ಟೋ?"

ಬಿಟ್ಟು. ಜಾಲರಿಗೆ ಹನ್ನೊಂದು ಸಾವಿರ. ಅರಿವಳಿಕೆ ಡಾಕ್ಟರ ಫೀಸು ಆರು. ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆ, ಇಸಿಜಿ, ಎಕ್ಸ್‌ರೇ ಎಲ್ಲ ಸೇರಿ ನಾಲ್ಕೂವರೆ. ಔಷಧಿ, ಕೈಗವಸು, ಹೊಲಿಗೆದಾರ ಇತ್ಯಾದಿಗೆ ಸುಮಾರು ಎಂಟು. ಕೂಡಿದರೆ ಅರವತ್ತೇಳೂವರೆ ಸಾವಿರ.

"ಹೊಲಿಗೆದಾರಾನೂ ಬೇರೇನಾ? ದಾರಕ್ಕೆ ನಾನೂ ದುಡ್ಡು ತಗೊಳ್ಳಲ್ಲಪ್ಪ," ಎಂದು ಅವಳು ನಗೆಯಾಡಿದ್ದಳು.

ಎರಡನೆಯದರಲ್ಲಿ ಎಪ್ಪತ್ತೆರಡು ಸಾವಿರ. ಅದು ಸಣ್ಣ ತೂತಿನ ಆಪರೇಷನ್ನು, ದುರ್ಬೀನು ಹಾಕಿ ಮಾಡುವಂಥದ್ದು. ಮೊದಲನೆಯದು ಕೊಯ್ದು ಮಾಡುವಂಥದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಬಾರದೆಂದು ಅವಳು ಪಕ್ಕದಲ್ಲಿ ಗುರುತು ಹಾಕಿಕೊಂಡಿದ್ದಳು. ಅಲ್ಲಿ ಜಾಲರಿ ಸೇರಿತ್ತು, ಅದನ್ನು ಕೂರಿಸುವ ಪಿನ್ನುಗಳು ಸೇರಿರಲಿಲ್ಲ. ಪಿನ್ನಿಗೇ ಹದಿನಾಲ್ಕು ಸಾವಿರ. ಪರೀಕ್ಷೆ, ಔಷಧಿಗೆ ಇನ್ನೂ ಹತ್ತು. ಜನರಲ್ ವಾರ್ಡ್ ಬಿಟ್ಟು ಇಬ್ಬರ ಕೋಣೆಗೆ ಹೋದರೆ ಬಾಡಿಗೆ ಮಾತ್ರವಲ್ಲ, ಸರ್ಜನ್ ಫೀಸೂ ಏರುತ್ತದೆ. ಮಂಚ ಬದಲಾದರೆ ಕತ್ತರಿಯ ಬೆಲೆ ಯಾಕೆ ಬದಲಾಗಬೇಕು ಎಂದು ಅವಳು ಕೇಳಿಯೇಬಿಟ್ಟಿದ್ದಳು. ಅವಳು ಆ ಸಾಲನ್ನು ಹೊಡೆದುಹಾಕಿದ್ದಳು.

ಈಗ ಮೂರನೆಯದು. ಕೌಂಟರಿನ ಹಿಂದೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡ ನಡುವಯಸ್ಸಿನ ಗುಮಾಸ್ತೆ.

"ಅರವತ್ತು ಸಾವಿರ ಅಕ್ಕ. ಕೊಯ್ದು ಮಾಡೋದು. ಜಾಲರಿ ಸೇರಿದೆ, ಅರಿವಳಿಕೆ ಸೇರಿದೆ, ಜನರಲ್ ವಾರ್ಡಲ್ಲಿ ಎರಡು ದಿನ ಸೇರಿದೆ, ಆ ಎರಡು ದಿನದ ಔಷಧಿ ಸೇರಿದೆ."

"ಏನು ಸೇರಿಲ್ಲ ಅದು ಹೇಳಿ."

ಗುಮಾಸ್ತೆ ಕನ್ನಡಕ ಮೇಲೇರಿಸಿ ಅವಳನ್ನು ಒಮ್ಮೆ ಸರಿಯಾಗಿ ನೋಡಿದಳು. "ಎಲ್ಲರೂ ಏನು ಸೇರಿದೆ ಅಂತ ಕೇಳ್ತಾರೆ. ನೀವೇ ಮೊದಲು, ಉಲ್ಟಾ ಕೇಳಿದ್ದು." ಒಂದು ಹಾಳೆ ಮುಂದಿಟ್ಟಳು. "ಮುಂಚಿನ ಪರೀಕ್ಷೆ ಬೇರೆ, ನಾಲ್ಕು ಸಾವಿರ. ಮೂರನೇ ದಿನ ಉಳಿದ್ರೆ ದಿನಕ್ಕೆ ಇಷ್ಟು. ಮನೆಗೆ ಹೋಗುವಾಗಿನ ಔಷಧಿ ನಿಮ್ಮದು. ಕೊನೇ ಸಾಲು ಓದ್ಕೊಳ್ಳಿ."

ಕೊನೆಯ ಸಾಲು: ತುರ್ತು ಶಸ್ತ್ರಚಿಕಿತ್ಸೆಗೆ ಈ ಪ್ಯಾಕೇಜ್ ಅನ್ವಯಿಸುವುದಿಲ್ಲ, ತೊಡಕುಗಳು, ಐಸಿಯು ಪ್ರತ್ಯೇಕ.

ಟೈಲರಕ್ಕ ಅದನ್ನೂ ಪುಸ್ತಕಕ್ಕೆ ಇಳಿಸಿಕೊಂಡಳು. ಉಳಿದ ಪ್ರತಿ ಸಾಲಿನ ಎದುರಿಗೂ ಒಂದು ಮೊತ್ತ ಬರೆದಳು. ಇದರ ಎದುರಿಗೆ ಬರೆಯಲಿಲ್ಲ, ಕೇಳಲೂ ಇಲ್ಲ. ಹೊಲಿಯಲು ಕೊಟ್ಟ ಬಟ್ಟೆ ಬೀರುವಿನಲ್ಲಿ ಒಂದು ತಿಂಗಳು ಇದ್ದರೂ ಇದ್ದ ಹಾಗೇ ಇರುತ್ತದೆ. ಅವಳ ಕೆಲಸದಲ್ಲಿ ತುರ್ತು ಅಂದರೆ ಗಿರಾಕಿಯ ಅವಸರ ಅಷ್ಟೇ.

ಅರವತ್ತನಾಲ್ಕು ಸಾವಿರ. ಮೂರರಲ್ಲಿ ಅಗ್ಗ ಇದೇ. ಮೂವತ್ತೆಂಟೆಂದು ಬೋರ್ಡು ಹಾಕಿದವರಿಗಿಂತ ಅರವತ್ತೆಂದವರು ಕಡಿಮೆ. ಲೆಕ್ಕ ತಾಳೆಯಾದಾಗ ಅವಳ ಮುಖದಲ್ಲಿ ಕಾಣುವ ಸಣ್ಣ ನಗು ಆಗಲೂ ಇತ್ತು. ಕಟ್ಟಿಬಿಡೋಣವೆಂದು ಚೀಲದ ಜಿಪ್ಪಿಗೆ ಕೈಹಾಕಿದಳು.

"ಇನ್ನೊಂದು ವಿಷಯ," ಗುಮಾಸ್ತೆ ದನಿ ತಗ್ಗಿಸಿದಳು. ಒಳ್ಳೆಯದನ್ನೇ ಮಾಡಲು ಹೊರಟಿದ್ದಳು. "ಬರೋ ಒಂದನೇ ತಾರೀಕಿಂದ ನಮ್ಮ ವಾರ್ಷಿಕೋತ್ಸವದ ರಿಯಾಯಿತಿ. ಇದೇ ಪ್ಯಾಕೇಜು, ಹತ್ತು ಸಾವಿರ ಕಡಿಮೆ."

ಇನ್ನೂ ಇಪ್ಪತ್ತಾರು ದಿನ. ಅವಳು ತೆರೆಯಹೊರಟ ಜಿಪ್ಪನ್ನು ಮತ್ತೆ ಎಳೆದು ಮುಚ್ಚಿದಳು.

"ಡಾಕ್ಟ್ರು ಬೇಗ ಅಂದಿದಾರೆ..." ಹಿಂದಿನ ಬೆಂಚಿನ ಮೇಲೆ ಕೂತಿದ್ದ ಗಂಡ ಅಂದ. ಅವನಿಗೂ ಅವಸರವಿರಲಿಲ್ಲ. ಆಪರೇಷನ್ನೆಂದರೆ ಅವನಿಗೆ ಹೆದರಿಕೆ.

"ಬೇಗ ಅಂದಿದಾರೆ, ಇವತ್ತೇ ಅಂದಿಲ್ವಲ್ಲ. ಅಲ್ಲೀವರೆಗೂ ನಾನು ನೋಡ್ಕೋತೀನಿ ರೀ."

ನೋಡಿಕೊಂಡದ್ದು ಹೀಗೆ. ಅಂದು ಮಧ್ಯಾಹ್ನವೇ ಕ್ಯಾನ್ವಾಸಿನ ತುಂಡು ಕತ್ತರಿಸಿ, ಒಳಗೆ ಸ್ಪಂಜಿನ ಗಟ್ಟಿ ದಿಂಬು ಇಟ್ಟು, ಎರಡು ಸಾಲು ಹೊಲಿಗೆ ಹಾಕಿ, ವೆಲ್ಕ್ರೊ ಪಟ್ಟಿ ಕೂರಿಸಿ ಒಂದು ಬೆಲ್ಟು ಹೊಲಿದಳು. ಅವಳ ಕೈಕೆಲಸಗಳಲ್ಲೇ ಅದು ಚೆಂದದ್ದು. ಮಲಗಿ, ಉಬ್ಬನ್ನು ಮೆಲ್ಲಗೆ ಒಳಗೆ ತಳ್ಳಿ, ಆಮೇಲೆ ಬೆಲ್ಟು ಬಿಗಿಯಬೇಕು. ಅಂಗಡಿಯಲ್ಲಿ ಸಿಗುವ ಬೆಲ್ಟುಗಳು ಸೊಂಟದಲ್ಲಿ ಜಾರುತ್ತವೆ. ಇದು ಅವನ ಅಳತೆಗೇ ಹೊಲಿದದ್ದು, ಜಾರುತ್ತಿರಲಿಲ್ಲ.

"ಹೆಂಗಿದೆ?"

"ಕುಸ್ತಿಗೆ ಇಳೀಬೋದು ಕಣೇ."

ತಪ್ಪಾದದ್ದು ಅಲ್ಲೇ. ಬೆಲ್ಟು ಇಲ್ಲದಿದ್ದರೆ ಅವನು ಹೆದರಿ ಮನೆಯಲ್ಲಿ ಕೂರುತ್ತಿದ್ದ. ಬೆಲ್ಟು ಇತ್ತೆಂದು ಮಾರನೆಯ ದಿನವೇ ಕೆಲಸಕ್ಕೆ ಹೋದ. ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ, ಕೂಲಿ ಹೋದರೆ ಕಾದು ಉಳಿಸುವುದಕ್ಕೆ ಅರ್ಥವೇನು? ಅವಳೂ ಬೇಡ ಅನ್ನಲಿಲ್ಲ. ಸಂಜೆ ಬಂದಾಗ, "ನೋವಿದೆಯಾ?" ಎಂದು ಕೇಳುತ್ತಿದ್ದಳು. "ಹೊಲಿದವರು ಯಾರು?" ಎನ್ನುತ್ತಿದ್ದ ಅವನು.

ಹದಿನೇಳನೆಯ ದಿನ ಬೆಳಿಗ್ಗೆ ಉಬ್ಬು ಪೂರ್ತಿ ಒಳಗೆ ಹೋಗಲಿಲ್ಲ. ಗ್ಯಾಸ್ ಲಾರಿ ಬಂದು ನಿಂತು ಹಾರನ್ ಹೊಡೆಯುತ್ತಿತ್ತು. ಅವನು ನಿಂತುಕೊಂಡೇ ಅದರ ಮೇಲೆ ಬೆಲ್ಟು ಬಿಗಿದುಕೊಂಡ. ಹೆಂಡತಿಗೆ ಹೇಳಲಿಲ್ಲ. ಲಿಫ್ಟಿಲ್ಲದ ಕಟ್ಟಡ, ಮೂರನೆಯ ಮಹಡಿ, ತುಂಬಿದ ಸಿಲಿಂಡರು. ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಅವನನ್ನು ಆಟೋದಲ್ಲಿ ಅದೇ ಮೂರನೆಯ ಆಸ್ಪತ್ರೆಗೆ ತಂದರು. ಎರಡು ಸಲ ವಾಂತಿಯಾಗಿತ್ತು. ಉಬ್ಬು ಕಲ್ಲಿನಂತೆ ಗಟ್ಟಿಯಾಗಿತ್ತು, ಮುಟ್ಟಿದರೆ ಅವನು ಕಿರುಚುತ್ತಿದ್ದ.

ಟೈಲರಕ್ಕ ಇಂಚುಪಟ್ಟಿಯನ್ನು ಕೊರಳಲ್ಲೇ ಬಿಟ್ಟುಕೊಂಡು ಓಡಿಬಂದಳು. ಕೌಂಟರಿನಲ್ಲಿ ಅದೇ ಗುಮಾಸ್ತೆ.

"ಅರವತ್ತು ಸಾವಿರ ತಗೊಳ್ಳಿ ಅಮ್ಮ, ರಿಯಾಯಿತಿ ಬೇಡ, ಬೇಡವೇ ಬೇಡ. ಪೂರ್ತಿ ಪ್ಯಾಕೇಜು ಹಾಕಿ."

ಗುಮಾಸ್ತೆ ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. "ಅದು ಮುಂಚೆಯೇ ದಿನ ಗೊತ್ತುಮಾಡಿ ಮಾಡೋ ಆಪರೇಷನ್‌ಗೆ ಮಾತ್ರ ಅಕ್ಕ. ಇದು ಎಮರ್ಜೆನ್ಸಿ. ಒಂದೊಂದಕ್ಕೂ ಬೇರೆ ಬೇರೆ ಬಿಲ್ಲು ಆಗ್ತದೆ. ಈಗ ಐವತ್ತು ಕಟ್ಟಿ, ಒಳಗೆ ಕರ್ಕೊಂಡು ಹೋಗ್ಲಿ. ಆಮೇಲೆ ನೋಡೋಣ."

ಸಿಕ್ಕಿಕೊಂಡ ಕರುಳಿಗೆ ರಕ್ತ ಹೋಗುವುದು ನಿಂತಿತ್ತು. ಅಂಗೈ ಉದ್ದದಷ್ಟು ಕಪ್ಪಾಗಿದ್ದ ಭಾಗವನ್ನು ಕತ್ತರಿಸಿ ತೆಗೆದು, ಉಳಿದ ಎರಡು ತುದಿಗಳನ್ನು ಜೋಡಿಸಿ ಹೊಲಿದರು. ಎರಡು ದಿನ ಐಸಿಯು, ಏಳು ದಿನ ವಾರ್ಡು. ಆಪರೇಷನ್ ಮುಗಿದ ಕೂಡಲೇ ಅಲ್ಲಿನ ಸರ್ಜನ್ ಹೊರಬಂದು ವಿವರಿಸಿದ್ದರು. ಕೊನೆಗೆ ಅವಳು ಕೇಳಿದ್ದು ಒಂದೇ.

"ಜಾಲರಿ ಹಾಕಿದಿರಾ ಸಾರ್?"

"ಇಲ್ಲಮ್ಮ. ಕರುಳು ಕತ್ತರಿಸಿದ ಜಾಗದಲ್ಲಿ ಸೋಂಕಾಗೋ ಭಯ ಇರ್ತದೆ. ಬರೀ ಹೊಲಿಗೆ ಹಾಕಿದೀವಿ. ಇನ್ನು ಭಾರ ಎತ್ತೋ ಹಾಗಿಲ್ಲ. ಮತ್ತೆ ಬಿಚ್ಚಿಕೊಂಡ್ರೆ ಆಗ ಜಾಲರಿ ಹಾಕೋಣ."

ಯಾವ ಜಾಲರಿಗಾಗಿ ಮೂರು ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದಿದ್ದಳೋ, ಅದೊಂದು ಮಾತ್ರ ಬಿಲ್ಲಿನಲ್ಲಿರಲಿಲ್ಲ. ಬಿಲ್ಲು ಆರು ಪುಟ, ಒಂದು ಲಕ್ಷ ತೊಂಬತ್ತೊಂದು ಸಾವಿರದ ನಾನೂರು. ಅವಳು ಒಂದು ಸಾಲನ್ನೂ ಬಿಡದೆ ಓದಿದಳು. ಎಲ್ಲೂ ಮೋಸವಿರಲಿಲ್ಲ. ಇದ್ದಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಅವಳ ತಮ್ಮನಿಂದ ಒಂದಷ್ಟು ಸಾಲ ಬಂತು. ಅಂಗಡಿಯಲ್ಲಿ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷೀನು ಮಾರಾಟಕ್ಕೆ ಹೋಯಿತು. ಅಳತೆ ಪುಸ್ತಕದಲ್ಲಿ ಖಾಲಿ ಬಿಟ್ಟಿದ್ದ ಆ ಸಾಲಿನ ಎದುರಿಗೆ ಅವಳು ಈ ಮೊತ್ತ ಬರೆದಳು.

ಈಗ ಸಿಲಿಂಡರಣ್ಣ ಅವಳ ಅಂಗಡಿಯಲ್ಲೇ ಗೋಡೆಗೆ ಒರಗಿ ಕೂತು ಗುಂಡಿ ಹೊಲಿಯುತ್ತಾನೆ, ಹುಕ್ಕು ಹಾಕುತ್ತಾನೆ. ದಪ್ಪ ಬೆರಳು, ಸೂಜಿ ನಿಲ್ಲುವುದಿಲ್ಲ. ಹಳೆಯ ಹೆಸರಿನಿಂದ ಯಾರಾದರೂ ಕರೆದರೆ, "ಈಗ ಖಾಲಿ ಸಿಲಿಂಡರ್ ಕಣ್ರಪ್ಪ," ಎಂದು ತಾನೇ ನಗಿಸುತ್ತಾನೆ. ಟೈಲರಕ್ಕ ಮಾತ್ರ ಆ ಮಾತಿಗೆ ಮಷೀನಿನಿಂದ ತಲೆ ಎತ್ತುವುದಿಲ್ಲ. ಗಿರಾಕಿಗಳಿಗೆ ಲೈನಿಂಗ್, ಹುಕ್ಕು ಸೇರಿಸಿಯೇ ಮೊದಲ ಬಾಯಿಗೆ ದರ ಹೇಳುತ್ತಾಳೆ. ಆಪರೇಷನ್ನಿಗೆ ದರ ವಿಚಾರಿಸಲು ಹೊರಟವರು ಈಗ ಅವಳ ಅಂಗಡಿಗೂ ಬರುತ್ತಾರೆ. ಪುಸ್ತಕದ ಆ ಪುಟ ತೆಗೆದು ಏನೇನು ಕೇಳಬೇಕೆಂದು ಬರೆಸುತ್ತಾಳೆ. ಬರೆದುಕೊಂಡು ಎದ್ದವರನ್ನು ತಡೆದು ಕೇಳುತ್ತಾಳೆ: "ಡಾಕ್ಟ್ರು ಕಾಯಬೋದು ಅಂದಿದಾರಾ? ಮೊದಲು ಅದು ಕೇಳ್ಕೊಂಡು ಬಾ."

ಬೆಲ್ಟನ್ನು ಎಸೆದಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿ, ಕ್ಯಾನ್ವಾಸಿನ ಉಳಿದ ತುಂಡಿನ ಜೊತೆಗಿದೆ.

ಗಂಡ ಅವಳನ್ನು ಒಂದು ದಿನವೂ ದೂರಲಿಲ್ಲ. ನಿಂತುಕೊಂಡು ಬಿಗಿದವನು ನಾನಲ್ವಾ ಎನ್ನುತ್ತಾನೆ. ಅದರಿಂದ ಅವಳಿಗೆ ಸಮಾಧಾನವಿಲ್ಲ. ಬೆಳಿಗ್ಗೆ ಹತ್ತೂವರೆಯ ಆಸ್ಪತ್ರೆ, ಬೆಂಚಿನ ಮೇಲೆ ಕೂತ ಅವನು, ತನ್ನ ಕೈಯಡಿ ಚೀಲದಲ್ಲಿದ್ದ ಎಪ್ಪತ್ತು ಸಾವಿರ, ಎಲ್ಲವೂ ಕಣ್ಣಿಗೆ ಕಟ್ಟಿದೆ. ಆಪರೇಷನ್ ಥಿಯೇಟರು ಅಲ್ಲಿಂದ ಒಂದೇ ಮಹಡಿ ಮೇಲಿತ್ತು. ಅವಳು ಚೀಲದ ಜಿಪ್ಪು ಎಳೆದು ಮುಚ್ಚಿ, ಅವನ ಕಡೆ ತಿರುಗಿ, ಕೌಂಟರಿನವಳಿಗೂ ಕೇಳಿಸುವಂತೆ, ಗೆದ್ದವಳ ದನಿಯಲ್ಲಿ ಹೇಳಿದ್ದಳು:

"ಬರೀ ಇಪ್ಪತ್ತಾರು ದಿನ ರೀ. ಉಳಿಯೋದು ಎಷ್ಟು ಗೊತ್ತಾ? ಹತ್ತು ಸಾವಿರ."