ರಸ್ತೆಗೆ ಗಾಳಿ ಬೀಸಿದ ಫ್ಯಾನು

ಬಸವೇಶ್ವರನಗರದಲ್ಲಿ ನಮ್ಮದು ಮೇಲಿನ ಮಹಡಿಯ ಬಾಡಿಗೆ ಮನೆ. ಮಲಗುವ ಕೋಣೆಯ ನೆತ್ತಿಯ ಮೇಲೆ ಬರೀ ತಾರಸಿ. ಏಪ್ರಿಲ್‌ನಲ್ಲಿ ದಿನವಿಡೀ ಕಾದ ತಾರಸಿ ರಾತ್ರಿಯೆಲ್ಲ ಆ ಕಾವನ್ನು ನಮ್ಮ ಮೇಲೆ ಇಳಿಸುತ್ತದೆ. ಹೊರಗೆ ತಂಗಾಳಿ ಆಡುತ್ತಿದ್ದರೂ ಒಳಗೆ ಬೇಯುವುದು ಅದಕ್ಕೇ. ಹೋದ ಬೇಸಿಗೆಯಲ್ಲಿ ಮಗಳು ಚೊಚ್ಚಲ ಬಾಣಂತನಕ್ಕೆ ಬಂದದ್ದು ಇದೇ ಕೋಣೆಗೆ.

ಮೂರು ತಿಂಗಳಾದರೂ ತಾಯಿ ಮಗುವನ್ನು ಇಟ್ಟುಕೊಳ್ಳಬೇಕೆಂದು ನನ್ನ ಆಸೆ. ಆದರೆ ಕೂಸಿನ ಕುತ್ತಿಗೆ, ಬೆನ್ನಿನ ತುಂಬ ಬೆವರುಸಾಲೆ. ಅದು ನಿದ್ದೆಯಿಲ್ಲದೆ ಅಳುತ್ತಿತ್ತು, ಅದನ್ನು ನೋಡಿ ಮಗಳೂ ಅಳುತ್ತಿದ್ದಳು. ಅಳಿಯನ ಮನೆಯಲ್ಲಿ ಎ.ಸಿ. ಇದೆ. ನಮ್ಮ ಹಳೇ ವೈರಿಂಗ್ ಅದನ್ನು ತಡೆಯುವುದಿಲ್ಲ.

"ಭಾನುವಾರ ಬಂದು ಕರ್ಕೊಂಡು ಹೋಗ್ತಾರಂತೆ ಕಣಮ್ಮ," ಎಂದಳು ಮಗಳು.

ತಂಪು ಮಾಡಲು ದಾರಿ ಇರಲಿಲ್ಲವೆಂದಲ್ಲ. ದಾರಿಗೆ ಅಡ್ಡ ನಮ್ಮ ಅತ್ತೆ ಕೂತಿದ್ದರು. ಐದು ಹೆತ್ತ ಜೀವ. ಬಾಣಂತಿಗೆ ಗಾಳಿ ಸೋಕಬಾರದು ಎಂಬುದು ಅವರ ಕಾನೂನು. ಕಿಟಕಿ ಬಂದ್, ಫ್ಯಾನ್ ಬಂದ್, ಮಗಳ ಕಿವಿಗೆ ಸ್ಕಾರ್ಫು.

"ಈಗ ಗಾಳಿ ಸೇರಿದ್ರೆ ಮುದುಕಿ ಆದ್ಮೇಲೆ ಸೊಂಟ ಹಿಡ್ಕೊಂಡು ಅಳ್ತಾಳೆ, ಆಗ ನೀನಿರಲ್ಲ," ಎನ್ನುತ್ತಿದ್ದರು ನನಗೆ.

ನಾನೂ ಸುಮ್ಮನೆ ಕೂರುವವಳಲ್ಲ. ಹಗಲು ದಪ್ಪ ಪರದೆ ಎಳೆದೆ. ಸಂಜೆ ಬಟ್ಟೆ ಜಾಲಿಸಿದ ನೀರನ್ನು ತಾರಸಿಗೆ ಹೊತ್ತು, ಹಾಸಿದ ಗೋಣಿಚೀಲಗಳನ್ನು ನೆನೆಸಿದೆ. ಛಾವಣಿ ಕೊಂಚ ತಣಿಯಿತು, ಒಳಗೆ ಸಿಕ್ಕಿಬಿದ್ದ ಬಿಸಿ ಮಾತ್ರ ಅಲ್ಲೇ ಉಳಿಯಿತು. ಪಕ್ಕದ ಮನೆಯವರ ಕೂಲರನ್ನು ಎರವಲು ತಂದು ಗೋಡೆಗೆ ಮುಖ ಮಾಡಿಸಿ ಇಟ್ಟೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಲರು! ಅದರ ಪಸೆ ಹೋಗುವುದೆಲ್ಲಿಗೆ? ಕೋಣೆ ಇಡ್ಲಿ ಪಾತ್ರೆಯಾಯಿತು. ಮಾರನೆಯ ದಿನವೇ ಹಿಂದಿರುಗಿಸಿದೆ.

ಗುರುವಾರ ಸಂಜೆ ನನ್ನ ತಾಳ್ಮೆ ಕೆಟ್ಟಿತು. ಅತ್ತೆ ಅಡುಗೆಮನೆಯಲ್ಲಿ ಸಾಂಬ್ರಾಣಿಗೆ ಕೆಂಡ ಮಾಡುತ್ತಿದ್ದಾಗ ಕೋಣೆಯ ಕಿಟಕಿ ತೆರೆದು, ಸೊಳ್ಳೆ ಜಾಲರಿಯ ಮುಂದೆ ಟೇಬಲ್ ಫ್ಯಾನ್ ಇಟ್ಟೆ. ಸ್ವಿಚ್ ಒತ್ತಬೇಕು, ಅಷ್ಟರಲ್ಲಿ ಧೂಪ ಹಿಡಿದು ಅವರು ಬಂದೇಬಿಟ್ಟರು.

"ಬಾಣಂತಿ ಮುಖಕ್ಕೆ ಫ್ಯಾನಾ? ತಿರುಗ್ಸೇ ಆ ಕಡೆ!"

ಸಿಟ್ಟು ನೆತ್ತಿಗೇರಿತು. "ತಿರುಗಿಸ್ದೆ ತಗೊಳ್ಳಿ! ರಸ್ತೇಲಿ ಹೋಗೋರಿಗಾದ್ರೂ ತಂಪಾಗ್ಲಿ!" ಎಂದು ಫ್ಯಾನಿನ ಮುಖವನ್ನು ಹೊರಕ್ಕೆ ತಿರುಗಿಸಿ ಜೋರಾಗಿ ಹಾಕಿದೆ.

ದಿನವೂ ಕಣ್ಣುರಿಯುವಂತೆ ಕೋಣೆಯಲ್ಲೇ ಸುತ್ತುತ್ತಿದ್ದ ಸಾಂಬ್ರಾಣಿ ಹೊಗೆ ಆವತ್ತು ಸೀದಾ ಕಿಟಕಿಗೆ ಓಡಿ, ಫ್ಯಾನಿನೊಳಗೆ ನುಗ್ಗಿ ರಸ್ತೆಗೆ ಹೋಯಿತು. ಅತ್ತೆ ಬಾಗಿಲು ಮುಚ್ಚಿರಲಿಲ್ಲ. ಆಚೆಯ ಹಾಲ್‌ನ ಕಿಟಕಿಯೂ ತೆರೆದಿತ್ತು. ನನ್ನ ಕಾಲಿಗೆ ತಣ್ಣಗೆ ಏನೋ ಸೋಕಿತು. ಫ್ಯಾನು ಬಿಸಿಗಾಳಿಯನ್ನು ಆಚೆ ತಳ್ಳುತ್ತಿದ್ದಂತೆ, ಸಂಜೆಯ ತಂಪು ಹಾಲ್‌ನಿಂದ ಒಳಗೆ ಬರುತ್ತಿತ್ತು. ಮಂಚ ಇದ್ದದ್ದು ಮೂಲೆಯಲ್ಲಿ. ಅಲ್ಲಿ ಮಗಳ ಕೂದಲೆಳೆಯೂ ಅಲುಗಲಿಲ್ಲ.

ಅತ್ತೆ ಅವಳ ಹಣೆಯ ಹತ್ತಿರ ಕೈ ಹಿಡಿದು ನೋಡಿದರು. ಗಾಳಿ ತಾಗಲಿಲ್ಲ.

"ಇದಾದ್ರೆ ಪರ್ವಾಗಿಲ್ಲ," ಎಂದು ಧೂಪದ ಸಮೇತ ಹೊರಟರು. ನನಗೆ ಅವರನ್ನು ಮುದ್ದಾಡಬೇಕೆನಿಸಿತು, ಅಭ್ಯಾಸವಿಲ್ಲದ್ದರಿಂದ ಬಿಟ್ಟೆ.

ಅಂದಿನಿಂದ ಬಿಸಿಲಿರುವ ತನಕ ಕಿಟಕಿ, ಪರದೆ ಭದ್ರ. ಹೊರಗೆ ತಣ್ಣಗಾದ ಮೇಲೆ ಎಲ್ಲ ತೆರೆದು, ಫ್ಯಾನು ರಸ್ತೆಗೆ ಮುಖ ಮಾಡಿ ರಾತ್ರಿಯೆಲ್ಲ ತಿರುಗುವುದು. ಬೆವರುಸಾಲೆ ಬಾಡತೊಡಗಿತು.

ಆದರೂ ಭಾನುವಾರ ಬಂತು. ಬಿಸಿಲೇರುವ ಮೊದಲೇ ಅಳಿಯ ಕಾರು ತಂದ. ಕೋಣೆಗೆ ಇಣುಕಿ, ತಾಯಿ ಮಗು ಇಬ್ಬರೂ ನಿದ್ದೆಯಲ್ಲಿರುವುದನ್ನು ಕಂಡು ಬಾಗಿಲಲ್ಲೇ ನಿಂತ.

"ಅತ್ತೆ, ಇಷ್ಟು ತಣ್ಣಗೆ ಹೇಗೆ ಮಾಡಿದ್ರಿ?" ಎಂದು ನನ್ನನ್ನು ಪಿಸುಗುಟ್ಟಿ ಕೇಳಿದ.

"ಫ್ಯಾನ್ ತಿರುಗ್ಸು ಅಂದೋಳು ನಾನೇ ಕಣಪ್ಪ," ಎಂದಿತು ಹಾಲ್‌ನಿಂದ ಮುದಿ ದನಿ. ನನ್ನ ಕಣ್ಣೆಲ್ಲ ಮಗಳ ಮೇಲಿತ್ತು. ಸದ್ದಿಗೆ ಅವಳು ಅರೆಗಣ್ಣು ತೆರೆದಳು.

"ರೀ, ಮಗು ಈಗ ನಿದ್ದೆ ಮಾಡ್ತಾ ಇದೆ. ನೀವು ತಿಂಡಿ ತಿನ್ಕೊಂಡು ಹೋಗಿ. ನಾನು ಮೂರು ತಿಂಗಳು ತುಂಬಿದ ಮೇಲೆ ಬರ್ತೀನಿ," ಎಂದು ಮಗುವಿನ ಕಡೆ ಮಗ್ಗುಲಾಗಿ ಮತ್ತೆ ಮಲಗಿಬಿಟ್ಟಳು.

ನಾನು ಅಡುಗೆಮನೆಗೆ ಹೋಗಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಪಾಪದ ಅಳಿಯನಿಗೆ ತುಪ್ಪ ಸುರಿದು ದೋಸೆ ಹುಯ್ದೆ.