ಅಕ್ಕೋರು ಹಾಸಿದ ಐದು ಚಿತ್ರಗಳು

ಅಕ್ಕೋರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಿಲ್ಲಿನಂತೆ ಬಾಗುತ್ತಿತ್ತು. ಕಾರ್ಡು ಕಲಸುವಾಗ ಆ ಬೆರಳು ಕಟ್ಟಿನ ಅಂಚಿಗೆ ತಾಗಿ ಇನ್ನಷ್ಟು ಬಾಗುವುದು, ನೋಡುವವರಿಗೆ ಮುರಿದೀತೆಂದು ಭಯವಾಗುವುದು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ನಮ್ಮ ಕಡೆ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತೇವೆ. ಇಳಕಲ್ಲಿನ ನಮ್ಮ ಓಣಿಗೆಲ್ಲ ಅವರು ಅಕ್ಕೋರೇ.

ಭವಿಷ್ಯ ನೋಡುವ ಟ್ಯಾರೋ ಕಾರ್ಡಿನ ಕಟ್ಟು ಅವರಿಗೆ ಸಿಕ್ಕಿದ್ದು ಪುಣೆಯಲ್ಲಿ, ತಂಗಿಯ ಮನೆಗೆ ಹೋದಾಗ. ಚಿತ್ರ ಚೆನ್ನಾಗಿವೆಯೆಂದು ತಂದರು, ಆಮೇಲೆ ಓದುವುದನ್ನು ಕಲಿತರು. ದಿನಾ ಲಿಂಗಪೂಜೆ ಮಾಡುವವರು ಇದನ್ನೇಕೆ ಹಿಡಿದರೆಂದು ಕೆಲವರು ಆಡಿಕೊಂಡರು. "ಪೂಜಿ ಬ್ಯಾರೆ, ಇದು ಬ್ಯಾರೆ. ಇದು ನೋಡೂ ಕೆಲಸ," ಎನ್ನುತ್ತಿದ್ದರು. ಕಾರ್ಡು ಕೇಳಲು ಬಂದವರಿಂದ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಚಹಾ ಮಾತ್ರ ಅವರೇ ಕುಡಿಸುತ್ತಿದ್ದರು, ಸಕ್ಕರೆ ಹೆಚ್ಚಾಯಿತೆಂದು ಯಾರೂ ಅನ್ನುವಂತಿರಲಿಲ್ಲ.

ಅವರದೊಂದು ಕ್ರಮವಿತ್ತು. ಕಾರ್ಡು ಬಿದ್ದ ಕೂಡಲೇ ಅರ್ಥ ಹೇಳುತ್ತಿರಲಿಲ್ಲ. ಬಂದವರೇ ಮೊದಲು ಚಿತ್ರದಲ್ಲಿ ಏನು ಕಾಣುತ್ತದೆಯೋ ಅದನ್ನು ಹೇಳಬೇಕು. ಕಂಡದ್ದಕ್ಕಿಂತ ಒಂದು ಮಾತು ಹೆಚ್ಚಾದರೆ ಬೆರಳೆತ್ತಿ ತಡೆಯುತ್ತಿದ್ದರು.

ನಾನು ಹುನಗುಂದದ ಕೋರ್ಟಿನಲ್ಲಿ ಟೈಪಿಸ್ಟ್. ಸಾಕ್ಷಿಗಳು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಳ್ಳುವ ಕೆಲಸ. ಹಾಗಿದ್ದೂ ಆ ಭಾನುವಾರ ಮಧ್ಯಾಹ್ನ ಅಕ್ಕೋರ ಮುಂದೆ ಕುಳಿತಾಗ ನಾನು ಮನಸ್ಸಿನಲ್ಲೇ ತೀರ್ಪು ಬರೆದುಕೊಂಡು ಬಂದಿದ್ದೆ. ನನ್ನ ಗಂಡನಿಗೆ ಬೇರೆ ಯಾರೋ ಇದ್ದಾರೆ. ಕಾರ್ಡು ಹೌದೆಂದರೆ ಮರುದಿನವೇ ವಕೀಲರನ್ನು ಕಾಣುವುದು, ಗಂಡನ ಮುಖ ಮತ್ತೆ ನೋಡದಿರುವುದು.

"ಅವರಿಗೆ ಯಾರರ ಅದಾರೇನು, ಅಷ್ಟು ನೋಡ್ರಿ," ಎಂದೆ.

"ಇಲ್ಲದವರ ಬೆನ್ನ ಹಿಂದ ನಾ ಇಣುಕೂದಿಲ್ಲವಾ. ನಿನಗ ಏನು ಕಾಣವಲ್ತು, ಅದನ್ನ ಕೇಳೂಣು." ಪ್ರಶ್ನೆಯನ್ನು ಹಾಗೆ ತಿದ್ದಿದ ಮೇಲೆಯೇ ಕಾರ್ಡು ಕಲಸಿ, ನನ್ನಿಂದ ಕಟ್ಟನ್ನು ಎರಡಾಗಿ ಒಡೆಸಿ, ಐದನ್ನು ಹಾಸಿದರು. ಮೊದಲನೆಯದು ನಾನು, ಎರಡನೆಯದು ನನ್ನ ಗಂಡ, ಮೂರನೆಯದು ನಮ್ಮಿಬ್ಬರ ನಡುವಿನದು, ನಾಲ್ಕನೆಯದು ಮುಚ್ಚಿಟ್ಟದ್ದು, ಐದನೆಯದು ಮಾಡಬೇಕಾದ್ದು.

ನನ್ನ ಜಾಗದಲ್ಲಿ ಎರಡು ಕತ್ತಿಯ ಕಾರ್ಡು. "ಏನು ಕಾಣ್ತೈತಿ?"

"ಹೆಣ್ಣಮಗಳು. ಕಲ್ಲಿನ ಮ್ಯಾಲ ಕುಂತಾಳ. ಕಣ್ಣಿಗೆ ಪಟ್ಟಿ. ಎದಿ ಮ್ಯಾಲ ಕೈ ಕತ್ತರಿ ಹಾಕಿ ಎರಡು ಕತ್ತಿ ಹಿಡದಾಳ. ಹಿಂದ ನೀರು, ಚಂದ್ರ. ಗಂಡ ಮೋಸ ಮಾಡ್ಯಾನಂತ..."

ಬೆರಳು ಎದ್ದಿತು. "ಅಲ್ಲಿ ಗಂಡ ಎಲ್ಲದಾನ? ಕೋರ್ಟಿನ್ಯಾಗೂ ಹಿಂಗ ಬರಕೊಂತೀಯೇನು?"

ಗಂಡನ ಜಾಗದಲ್ಲಿ ನಾಲ್ಕು ಬಟ್ಟಲು. ಮರದ ಕೆಳಗೆ ಕೈಕಟ್ಟಿ ಕುಳಿತ ಗಂಡಸು, ಮುಂದೆ ಮೂರು ಬಟ್ಟಲು, ಮೋಡದಿಂದ ಬಂದ ಕೈಯೊಂದು ನಾಲ್ಕನೆಯದನ್ನು ಚಾಚುತ್ತದೆ.

"ಆ ಕೈ ಹೆಂಗಸಿಂದಲ್ಲೇನ್ರಿ?"

"ಮೋಡದ ಕೈಗೆ ಬಳಿ ಕಂಡ್ಯಾ? ಇದ್ದದ್ದರಾಗ ಅವಗ ಮನಸಿಲ್ಲ. ಅಷ್ಟ ಐತಿ ಇಲ್ಲಿ."

ಮೂರನೆಯದು ಹತ್ತು ದೊಣ್ಣೆ. ಹೊರೆ ಹೊತ್ತು ಬಗ್ಗಿದವನು, ಹೊರೆಯಲ್ಲೇ ಮುಖ ಹುದುಗಿದೆ. ಸಂಸಾರವೇ ಭಾರವಾಗಿ, ಒಬ್ಬರ ಮುಖ ಒಬ್ಬರಿಗೆ ಕಾಣದಂತಾಗಿದೆ ಎಂದರು. ಅದು ನಿಜವೆಂದು ನನಗೆ ಗೊತ್ತಿತ್ತು.

ನಾಲ್ಕನೆಯದನ್ನು ತಿರುಗಿಸಿದ ಅಕ್ಕೋರು ಅದರ ಅಂಚಿನಿಂದ ಹೆಬ್ಬೆರಳು ತೆಗೆಯಲಿಲ್ಲ. ಏಳು ಕತ್ತಿ. ಡೇರೆಗಳಿಂದ ಒಬ್ಬ ತುದಿಗಾಲಲ್ಲಿ ದೂರ ಸರಿಯುತ್ತಿದ್ದಾನೆ. ಐದು ಕತ್ತಿಗಳ ಅಲಗು ಹಿಡಿದಿದ್ದಾನೆ, ಕತ್ತು ಹಿಂದಕ್ಕೆ ತಿರುಗಿದೆ. ಇನ್ನೆರಡು ಕತ್ತಿ ನೆಲದಲ್ಲಿ ನೆಟ್ಟಿವೆ.

"ಇವನ ನೋಡ್ರಿ," ಎಂದೆ. ಜಾರಿಹೋಗುವವನ ಮೇಲೆ ಬೆರಳಿಟ್ಟಿದ್ದೆ.

"ಮುಚ್ಚಿಟ್ಟು ಮಾಡೂದು, ಒಬ್ಬನ ಕುಂತು ಲೆಕ್ಕಾಚಾರ ಹಾಕೂದು, ಎದುರಾಗದ ಜಾರೂದು. ಇದರ ಅರ್ಥ ಇಷ್ಟು. ಏನು ಮುಚ್ಚ್ಯಾನಂತ ಈ ಕಾರ್ಡು ಹೇಳೂದಿಲ್ಲ. ಮೂರನೇ ಮನಷ್ಯಾರು ಬಂದಾರ ಅನ್ನಾಕ ಒಬ್ಬ ರಾಜನೋ, ರಾಣಿಯೋ, ಸವಾರನೋ ಬೀಳಬೇಕಿತ್ತು. ಇಲ್ಲಾ ಪ್ರೇಮಿಗಳ ಕಾರ್ಡು ತಲಿಕೆಳಗಾಗಿ, ಮೂರು ಬಟ್ಟಲು ತಲಿಕೆಳಗಾಗಿ ಬೀಳಬೇಕಿತ್ತು. ಒಂದೂ ಬಿದ್ದಿಲ್ಲ. ಬಿದ್ದಿದ್ದರೂ ಅದು ಅನುಮಾನನ, ಸಾಕ್ಷಿ ಅಲ್ಲ."

"ಇನ್ನೊಂದು ತಗೀರಿ ಹಂಗಾರ."

"ಮನಸಿಗೆ ಬಂದದ್ದು ಬೀಳೂತನ ತಗೀತಾ ಕುಂತರ ಅದು ಓದೂದಲ್ಲವಾ, ಹುಡಕಾಡೂದು." ಕಟ್ಟನ್ನು ಬದಿಗಿಟ್ಟರು. ಆಮೇಲೆ ಎರಡೂ ಕತ್ತಿಯ ಕಾರ್ಡುಗಳನ್ನು ಪಕ್ಕ ಪಕ್ಕ ಇಟ್ಟರು. "ಅವಗ ಎಲ್ಲಾ ಒಯ್ಯಾಕ ಆಗಿಲ್ಲ. ಎರಡು ಬಿಟ್ಟಾನ. ನೀ ಹಿಡದದ್ದೂ ಎರಡ. ಕಣ್ಣಾರೆ ಕಂಡದ್ದು ಎರಡು ಹೇಳು ನೋಡೂಣು."

ಗಂಡ ಗ್ರಾನೈಟ್ ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹೆಚ್ಚಿನ ಕೆಲಸವಿದೆಯೆಂದು ಹೋದ ಭಾನುವಾರಗಳಲ್ಲಿ ಅವರ ಅಂಗಿಯಲ್ಲಿ ಕಲ್ಲಿನ ಧೂಳು ಇರುತ್ತಿರಲಿಲ್ಲ. ಫೋನು ಬಂದರೆ ಮಾಳಿಗೆ ಹತ್ತುತ್ತಿದ್ದರು. ಇವೆರಡನ್ನು ಹೇಳಿದೆ.

"ಗಂಡನ್ನ ಕೇಳಿಯೇನು?"

"ಇಲ್ಲರಿ."

"ಯಾಕ?"

ಕೇಳದಿದ್ದರೆ ಏನೂ ಆಗುವುದಿಲ್ಲ ಎಂದು ಕುಳಿತಿದ್ದೆ. ಪಕ್ಕದ ಓಣಿಯ ಮಗ್ಗದ ಸಪ್ಪಳ ಕೇಳುತ್ತಿತ್ತು.

ಕೊನೆಯದು ನ್ಯಾಯದ ಕಾರ್ಡು. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ನೆಟ್ಟಗೆ ಎತ್ತಿದ ಕತ್ತಿ. "ನಿಮ್ಮ ಕೋರ್ಟಿನ ದೇವಿಗೆ ಕಣ್ಣಿಗೆ ಪಟ್ಟಿ ಇರ್ತೈತಿ. ಇಲ್ಲಿ ಇಲ್ಲ ನೋಡು, ಕಣ್ಣು ತೆರಕೊಂಡು ಕುಂತಾಳ. ನೆಟ್ಟಗ ಕೇಳು, ಬೆಳಕಿನ್ಯಾಗ ಕೇಳು. ಅವ ಹೇಳೂತನ ಸುಮ್ಮನಿರು. ವಕೀಲರು ಆಮ್ಯಾಲ."

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಗಂಡ ಹಲ್ಲುಜ್ಜಿ ಮುಖ ತೊಳೆದ ಮೇಲೆ, ಬೇರೆ ಯಾರಾದರೂ ಇದ್ದಾರೆಯೇ ಎಂದು ನೆಟ್ಟಗೆ ಕೇಳಿದೆ. ಅವರ ಮೊದಲ ಮಾತು, "ಯಾರು ಹೇಳಿದರು ನಿನಗ?"

"ಯಾರೂ ಹೇಳಿಲ್ಲರಿ. ನಿಮ್ಮ ಅಂಗಿ ಒಗದಾಕಿ ನಾನ."

ಟವೆಲ್ಲು ಕೈಯಲ್ಲೇ ಇತ್ತು. ಒರೆಸಿಕೊಳ್ಳಲಿಲ್ಲ. ಒಗೆಯುವ ಕಲ್ಲಿನ ಮೇಲೆ ಕುಳಿತು ನಿಧಾನವಾಗಿ ಹೇಳಿದರು. ಬಾದಾಮಿಯಲ್ಲಿ ಒಬ್ಬಳಿದ್ದಾಳೆ, ಬಿಡಲು ಆಗುವುದಿಲ್ಲ. ಯಾರಾದರೂ ನನಗೆ ಹೇಳಿದ್ದರೆ ಅಂದಿನ ಜಗಳವೆಲ್ಲ ಹೇಳಿದವರ ಮೇಲೆಯೇ ಹೋಗುತ್ತಿತ್ತು, ಈ ಮಾತು ಹೊರಬರುತ್ತಿರಲಿಲ್ಲ. ನಾವು ಬೇರೆಯಾದೆವು. ಒಬ್ಬರನ್ನೊಬ್ಬರು ಬೈಯದೆ ಬೇರೆಯಾದೆವು. ನಾನು ಹುನಗುಂದದಲ್ಲಿ ಮನೆ ಮಾಡಿದೆ.

ಕಳೆದ ವರ್ಷ ಅಕ್ಕೋರನ್ನು ಬಾಗಲಕೋಟೆಯ ದವಾಖಾನೆಗೆ ಸೇರಿಸಿದರು. ನೋಡಲು ಹೋದಾಗ ತಮ್ಮ ಮಗನನ್ನು ಚಹಾಕ್ಕೆ ಕಳಿಸಿ, ನನ್ನನ್ನು ಹತ್ತಿರ ಕರೆದರು.

"ನಿನ್ನ ಗಂಡನ್ನ ನಾ ಮೊದಲ ನೋಡಿದ್ದೆನವಾ. ಶಿವಯೋಗ ಮಂದಿರಕ್ಕ ಹೋಗಿದ್ದೆ. ಬರೂವಾಗ ಬಾದಾಮಿ ಬಸ್‌ಸ್ಟ್ಯಾಂಡಿನ್ಯಾಗ ಆಕೀ ಜೋಡಿ ಕುಂತಿದ್ದ. ನೀ ಕಾರ್ಡು ಕೇಳಾಕ ಬರೂಕಿಂತ ಹದಿನೈದು ದಿನ ಮೊದಲ."

"ಆವಾಗ ಯಾಕ ಹೇಳಲಿಲ್ಲರಿ?" ಎಂದೆ.

"ಕಾರ್ಡಿನ ಬಾಯಿಲೆ ಹೇಳಿದ್ದರ ಅದು ಸುಳ್ಳಾಗ್ತಿತ್ತು. ನನ್ನ ಬಾಯಿಲೆ ಹೇಳಿದ್ದರ ನೀ ಅವನ್ನ ಕೇಳ್ತಿದ್ದಿಲ್ಲ, ಸೀದಾ ವಕೀಲರ ಕಡೆ ಹೋಗ್ತಿದ್ದಿ. ಆದರ ಆ ಏಳು ಕತ್ತಿ ಬಿತ್ತಲ್ಲ, ನನಗ ಎದಿ ಧಸಕ್ಕಂತು. ಮುಚ್ಚಿಟ್ಟಾಕಿ ನಾನೂ ಇದ್ದೆ. ಅದು ಅವನ ಕಾರ್ಡೋ, ನನ್ನ ಕಾರ್ಡೋ, ಇನ್ನೂ ತಿಳಿದಿಲ್ಲ."

ನನ್ನ ಮುಖ ನೋಡಿ ಕೇಳಿದರು, "ಸಿಟ್ಟು ಬಂತೇನು?"

"ಬಂತ್ರಿ."

"ಬರಲಿ. ನುಂಗಬ್ಯಾಡ."

ಮಗ ಚಹಾ ತಂದ. ಅವರು ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, "ದವಾಖಾನಿಯವರಿಗೆ ಸಕ್ಕರಿ ಗೊತ್ತಿಲ್ಲ," ಎಂದರು. ನಾನು ನಕ್ಕೆ, ಸಿಟ್ಟು ಇನ್ನೂ ಇಳಿದಿರಲಿಲ್ಲ. ಮತ್ತೆ ಬರುತ್ತೇನೆಂದು ಹೇಳಿ ಬಸ್ಸು ಹಿಡಿದೆ.

ಮುಂದಿನ ವಾರವೇ ಅವರು ಹೋದರು. ಅಂತ್ಯಕ್ರಿಯೆಯಲ್ಲಿ ನಿಂತಾಗ ನನ್ನೊಳಗೆ ದುಃಖವಿತ್ತು, ಋಣವಿತ್ತು, ಸಿಟ್ಟೂ ಇತ್ತು. ಯಾವುದನ್ನೂ ಇಲ್ಲವೆಂದು ಹೇಳಿಕೊಳ್ಳಲಿಲ್ಲ. ಮೂರನ್ನೂ ಹಿಡಿದುಕೊಂಡೇ ಮಣ್ಣು ಹಾಕಿ ಬಂದೆ.